ಐದನೆಯ ಬುಟ್ಟಿ

ಏನು ಕೆಲಸ ಮಾಡುತ್ತೀರಿ ಎಂದು ಯಾರಾದರೂ ಕೇಳಿದರೆ ಮೊದಮೊದಲು ಕಂಪ್ಯೂಟರ್ ಕೆಲಸ ಎಂದು ಹೇಳಿ ಪಾರಾಗುತ್ತಿದ್ದೆ. ಈಗ ನೇರವಾಗಿಯೇ ಹೇಳುತ್ತೇನೆ: ಮೊಬೈಲ್ ಆಟದಲ್ಲಿ ಜನ ಎಲ್ಲಿ ಸೋಲಬೇಕು, ಸೋತ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂದು ಗೊತ್ತು ಮಾಡುವವಳು ನಾನು. ಕೇಳಿದವರು ನಗುತ್ತಾರೆ. ನಮ್ಮ ಅತ್ತೆಯವರು ಮಾತ್ರ ನಗಲಿಲ್ಲ, "ಇದಕ್ಕೂ ಪಗಾರ ಕೊಡ್ತಾರೇನವಾ?" ಎಂದು ಕೇಳಿದರು. ಕೊಡುತ್ತಾರೆ ಎಂದೆ. ಅವರಿಗೆ ಇಂದಿಗೂ ನಂಬಿಕೆ ಬಂದಂತಿಲ್ಲ.

ನಮ್ಮ ಆಫೀಸು ರಾಣೆಬೆನ್ನೂರಿನಲ್ಲಿ ಒಂದು ಬೀಜದಂಗಡಿಯ ಮೇಲಿನ ಎರಡು ಕೋಣೆ. ಕೆಳಗೆ ಗೋವಿನಜೋಳ, ಹತ್ತಿ, ಬದನೆ ಬೀಜದ ಪಾಕೀಟುಗಳು, ಮೇಲೆ ನಾವು ನಾಲ್ಕು ಮಂದಿ. ಅಂಗಡಿಯವರ ಮಗನೇ ನಮ್ಮ ಮಾಲೀಕ. ನನಗಿಂತ ಸಣ್ಣವನು, ನನ್ನನ್ನು "ಅಕ್ಕಾರ" ಎನ್ನುತ್ತಾನೆ. ಬೈದರೆ ತಲೆ ತಗ್ಗಿಸಿ ಕೇಳಿಸಿಕೊಂಡು, ಆಮೇಲೆ ತನಗೆ ತೋಚಿದ್ದನ್ನೇ ಮಾಡುತ್ತಾನೆ. ನಾನು ಮೊದಲು ಹಾವೇರಿಯ ಒಂದು ಕಾಲೇಜಿನಲ್ಲಿ ಲೆಕ್ಕ ಕಲಿಸುತ್ತಿದ್ದವಳು. ಮನೆ ಈಗಲೂ ಹಾವೇರಿಯಲ್ಲೇ. ದಿನಾ ರೈಲಿನಲ್ಲಿ ಹೋಗಿ ಬರುತ್ತೇನೆ. ನಡುವೆ ಬ್ಯಾಡಗಿ ಸ್ಟೇಷನ್ ಬರುತ್ತದೆ. ಮೆಣಸಿನಕಾಯಿ ಹಂಗಾಮಿನಲ್ಲಿ ಅಲ್ಲಿ ರೈಲು ನಿಂತರೆ ಡಬ್ಬಿಯಲ್ಲಿ ಒಬ್ಬರಾದರೂ ಸೀನುತ್ತಾರೆ.

ಆ ಬ್ಯಾಡಗಿಯಲ್ಲಿ ನಮ್ಮವ್ವ ಇದ್ದಾಳೆ. ನಮ್ಮ ಹಳ್ಳಿ ಕುಪ್ಪೇಲೂರಿನಲ್ಲಿ ಇದ್ದವಳು, ನನ್ನ ತಮ್ಮನಿಗೆ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಕೆಲಸ ಸಿಕ್ಕ ಮೇಲೆ ಅವನ ಸಂಸಾರದ ಜೊತೆ ಅಲ್ಲಿಗೆ ಬಂದಳು. ಮನೆಯಲ್ಲಿ ಮಗ, ಸೊಸೆ, ಮೊಮ್ಮಕ್ಕಳು ಎಲ್ಲ ಇದ್ದಾರೆ. ಆದರೆ ಹಗಲು ಹೊತ್ತು ಮನೆ ಖಾಲಿ. ಊರಿನಲ್ಲಾದರೆ ಬಾಗಿಲಲ್ಲಿ ನಿಂತರೆ ಸಾಕು, ಮಾತು ತಾನಾಗಿಯೇ ಶುರುವಾಗುತ್ತಿತ್ತು. ಬ್ಯಾಡಗಿಯ ಓಣಿಯಲ್ಲಿ ಅವಳಿಗೆ ಯಾರ ಮನೆಯ ಸೊಸೆ ಯಾರು, ಯಾರಿಗೂ ಯಾರಿಗೂ ಯಾಕೆ ಮಾತಿಲ್ಲ, ಒಂದೂ ಗೊತ್ತಿರಲಿಲ್ಲ. ಫೋನು ಮಾಡಿದಾಗಲೆಲ್ಲ, "ಏನಿಲ್ಲವಾ, ಕುಂತೇನಿ" ಎನ್ನುತ್ತಿದ್ದಳು. ಆ 'ಕುಂತೇನಿ' ಕೇಳಿದ ದಿನ ರಾತ್ರಿ ಇನ್ನೊಮ್ಮೆ ಫೋನು ಮಾಡುತ್ತಿದ್ದೆ.

ಎದುರುಮನೆಯ ಕಟ್ಟೆಯಲ್ಲಿ ನಾಲ್ಕು ಮಂದಿ ಹೆಂಗಸರು ಮೆಣಸಿನಕಾಯಿ ತೊಟ್ಟು ತೆಗೆಯಲು ಕೂಡುತ್ತಿದ್ದರು. ಅವ್ವನೂ ಹೋಗಿ ಕೂತಳು. ಕೈಗೆ ಕೆಲಸ ಸಿಕ್ಕಿತು, ಬಾಯಿಗೆ ಸಿಗಲಿಲ್ಲ. ಅವರು ಓಣಿಯ ಸುದ್ದಿ ಆಡುತ್ತಿದ್ದರೆ ಇವಳು ಸುಮ್ಮನೆ ಹೂಂಗುಡುತ್ತಿದ್ದಳು. ಒಂದು ಶನಿವಾರ ಅಲ್ಲಿಗೆ ಹೋದ ನಾನು, ನಮ್ಮ ಹೊಸ ಆಟವನ್ನು ಯಾರಾದರೂ ಆಡಿ ನೋಡಲಿ ಎಂದು, ಎದುರುಮನೆಯಾಕೆಯ ಫೋನಿಗೆ ಹಾಕಿಕೊಟ್ಟೆ. ಅವ್ವನ ಫೋನು ಬಟನ್ನಿನದು, ಅದರಲ್ಲಿ ಆಟ ನಡೆಯುವಂತಿರಲಿಲ್ಲ.

ಆಟ ಬಹಳ ಸರಳ. ಪರದೆಯ ಮೇಲೆ ಪೇರಲ, ಸೀತಾಫಲ, ಬಾಳೆ, ಮಾವು, ದ್ರಾಕ್ಷಿ ತುಂಬಿರುತ್ತವೆ. ಅಕ್ಕಪಕ್ಕದ ಎರಡನ್ನು ಅದಲುಬದಲು ಮಾಡಿ ಒಂದೇ ಜಾತಿಯ ಮೂರು ಸಾಲಾಗಿ ಬರುವಂತೆ ಮಾಡಿದರೆ ಅವು ಕೊಯ್ದಂತೆ. ಇಂತಿಷ್ಟು ನಡೆಯೊಳಗೆ ಇಂತಿಷ್ಟು ಹಣ್ಣು ಕೊಯ್ಯಬೇಕು. ಆಡುವವರ ಹತ್ತಿರ ಐದು ಬುಟ್ಟಿ ಇರುತ್ತವೆ. ಗೆದ್ದರೆ ಬುಟ್ಟಿ ಹೋಗುವುದಿಲ್ಲ, ಸೋತರೆ ಒಂದು ಹೋಗುತ್ತದೆ. ಐದೂ ಹೋದರೆ ಕಾಯಬೇಕು, ಅರ್ಧ ಗಂಟೆಗೆ ಒಂದರಂತೆ ತಿರುಗಿ ಬರುತ್ತವೆ. ಕಾಯಲಾಗದವರು ಜಾಹೀರಾತು ನೋಡಿ ಒಂದು ಬುಟ್ಟಿ ಪಡೆಯಬಹುದು. ಈ ಧಂದೆಯೆಲ್ಲ ನಿಂತಿರುವುದೇ ಆ ಕಾಯುವಿಕೆಯ ಮೇಲೆ.

ಕಟ್ಟೆಯ ಹೆಂಗಸರು ನಮ್ಮ ನಿಯಮಕ್ಕೆ ತಮ್ಮದೊಂದು ನಿಯಮ ಸೇರಿಸಿದರು. ಮಧ್ಯಾಹ್ನದ ಚಹಾ ಬಂದಾಗ ಕೆಲಸ ನಿಲ್ಲಿಸಿ, ಕೈಯಲ್ಲಿ ಖಾರ ಇರುತ್ತದಾದ್ದರಿಂದ ಸೆರಗಿಗೆ ಒರೆಸಿಕೊಂಡು, ಒಬ್ಬರಾದ ಮೇಲೆ ಒಬ್ಬರು ಆಡುವುದು. ಸೋಲುವವರೆಗೂ ಫೋನು ಅವರ ಕೈಯಲ್ಲಿ. ಸೋತ ಕೂಡಲೇ ಮುಂದಿನವರಿಗೆ. ಐದು ಮಂದಿ, ಐದು ಬುಟ್ಟಿ. ಅವ್ವನಿಗೆ ಮೊದಲ ಪಾಳಿ ಕೊಡುತ್ತಿದ್ದರು, ಯಾಕೆಂದರೆ ಅವಳು ಬೇಗ ಸೋಲುತ್ತಿದ್ದಳು. ಅವಳ ಆಟವೋ, ನೋಡಲಾಗದು. ಎಲ್ಲಿ ನಾಲ್ಕು ಸೀತಾಫಲ ಕೂಡುತ್ತವೋ ಅಲ್ಲಿ ಬಿಟ್ಟು, ಎಡಗಡೆ ಕೆಳಮೂಲೆಯಿಂದಲೇ ಶುರು ಮಾಡುತ್ತಿದ್ದಳು. ಕಸ ಗುಡಿಸಲು ಮೂಲೆಯಿಂದಲೇ ಹೊರಡಬೇಕಲ್ಲ, ಹಾಗೆ. ನಾಲ್ವರೂ, "ಅಲ್ಲೆಲ್ಲಿ ಯಕ್ಕಾ, ಮ್ಯಾಲೆ ನೋಡ್ರಿ!" ಎಂದು ಕೂಗುವುದು, ಇವಳು ಸೋಲುವುದು, ಎಲ್ಲರೂ ನಗುವುದು. ಅಂದಿನಿಂದ ಫೋನಿನಲ್ಲಿ ಅವಳ ಮಾತು ಬದಲಾಯಿತು. "ಇವತ್ತೂ ಸೋತ್ನಿ ನೋಡು" ಎಂದು ಹೇಳುವಾಗ ದನಿಯಲ್ಲಿ ಏನು ಹುರುಪು! ಎದುರುಮನೆಯಾಕೆಯ ತವರು ಯಾವುದು, ಅವಳ ಮಗಳಿಗೆ ಎಲ್ಲಿಂದ ಸಂಬಂಧ ಬಂದಿದೆ, ಎಲ್ಲವೂ ಆ ಚಹಾದ ಹೊತ್ತಿನಲ್ಲೇ ಅವಳಿಗೆ ಗೊತ್ತಾಗತೊಡಗಿತು.

ನನಗೆ ಇದರಿಂದ ಎಷ್ಟು ಸಮಾಧಾನವಾಯಿತೋ, ಆಫೀಸಿನಲ್ಲಿ ಅಷ್ಟೇ ತಲೆಬಿಸಿ ಶುರುವಾಗಿತ್ತು. ಕಾರಣ ಮೂವತ್ತೊಂದನೆಯ ಹಂತ.

ಆಟ ಆಡುವವರು ಪ್ರತಿ ಸಲ ಒಂದು ಹಂತ ಶುರು ಮಾಡಿದಾಗ, ಗೆದ್ದಾಗ, ಸೋತಾಗ ನಮ್ಮಲ್ಲಿಗೆ ಒಂದು ಸಾಲು ಮಾಹಿತಿ ಬರುತ್ತದೆ. ಹೆಸರು ಇರುವುದಿಲ್ಲ, ಫೋನಿಗೆ ಒಂದು ಸಂಕೇತ ಮಾತ್ರ. ಎಷ್ಟನೆಯ ಹಂತ, ಎಷ್ಟು ನಡೆ ಉಳಿಯಿತು, ಗುರಿಗೆ ಇನ್ನೆಷ್ಟು ಹಣ್ಣು ಬಾಕಿ ಇತ್ತು, ಬುಟ್ಟಿ ಎಷ್ಟಿದ್ದವು, ಇಷ್ಟೇ. ಮೂವತ್ತೊಂದಕ್ಕೆ ಬಂದವರು ಬಹಳ ಸಲ ಸೋಲುತ್ತಿದ್ದರು. ಸೋಲುವುದು ದೊಡ್ಡ ಮಾತಲ್ಲ, ಕೆಲವು ಹಂತ ಕಷ್ಟ ಇರಲೇಬೇಕು, ಇಲ್ಲದಿದ್ದರೆ ಗೆದ್ದರೂ ಖುಷಿಯಿಲ್ಲ. ಆದರೆ ಇಲ್ಲಿ ಸೋತವರಲ್ಲಿ ಬಹಳ ಮಂದಿ ಮತ್ತೆ ಆಟದ ಕಡೆ ತಲೆ ಹಾಕುತ್ತಿರಲಿಲ್ಲ. ಒಂದೆರಡು ಹಣ್ಣು ಬಾಕಿ ಇದ್ದಾಗ ಸೋತವರು "ಥೂ" ಎಂದು ಮತ್ತೊಂದು ಬುಟ್ಟಿ ತೆಗೆಯುತ್ತಾರೆ. ಅರ್ಧಕ್ಕರ್ಧ ಬಾಕಿ ಇದ್ದಾಗ ಸೋತವರು ಫೋನು ಕೆಳಗಿಡುತ್ತಾರೆ. ಮೂವತ್ತೊಂದರಲ್ಲಿ ಸೋಲುತ್ತಿದ್ದವರು ಎರಡನೆಯ ಜಾತಿಯವರು.

ನಮ್ಮ ಮಾಲೀಕ ಮುಂದಿನ ಹಂತಗಳ ಅಂಕಿ ತೋರಿಸಿ, "ನೋಡ್ರಿ ಅಕ್ಕಾರ, ಮೂವತ್ತೆರಡರಿಂದ ಮುಂದ ಎಲ್ಲಾರೂ ಭಾಳ ಛಲೋ ಆಡಾಕತ್ತಾರ" ಎಂದ.

"ಆಡದೇ ಏನು? ಬರದವರೆಲ್ಲಾ ಮೂವತ್ತೊಂದರಾಗ ಮನಿಗೆ ಹೋಗ್ಯಾರ. ಉಳದವರು ಬರೇ ಪೈಲ್ವಾನರು" ಎಂದೆ. ಅವನ ಮುಖ ಸಣ್ಣದಾಯಿತು. ಸ್ವಲ್ಪ ಮೆತ್ತಗೆ ಹೇಳಬಹುದಿತ್ತು, ಆದರೆ ನನ್ನ ನಾಲಿಗೆ ಮೆತ್ತಗಿನದಲ್ಲ.

ನಮ್ಮ ಆಟವನ್ನು ಊರೂರಿಗೆ ಮುಟ್ಟಿಸುವ ಕಂಪನಿ ಬೆಂಗಳೂರಿನದು. ಅಲ್ಲಿಯ ಮೇಡಮ್ಮೊಬ್ಬರು ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಬರುತ್ತಿದ್ದರು. ಬುದ್ಧಿವಂತೆ, ಮಾತು ನಯ, ಆದರೆ ಸದಾ ಅವಸರ. ಅವರು ಎರಡು ಬದಲಾವಣೆ ಹೇಳಿದರು. ಒಂದು, ಮೂವತ್ತೊಂದನೆಯ ಹಂತಕ್ಕೆ ಎರಡು ನಡೆ ಹೆಚ್ಚು ಕೊಟ್ಟು, ಹಣ್ಣಿನ ಜಾತಿ ಒಂದು ಕಡಿಮೆ ಮಾಡುವುದು. ಜಾತಿ ಕಡಿಮೆಯಾದಷ್ಟೂ ಮೂರು ಕೂಡುವುದು ಸುಲಭ. ಎರಡನೆಯದು, ಬುಟ್ಟಿ ಐದರ ಬದಲು ನಾಲ್ಕು, ಆದರೆ ಅರ್ಧ ಗಂಟೆಯ ಬದಲು ಇಪ್ಪತ್ತು ನಿಮಿಷಕ್ಕೇ ಒಂದು ಬರುವಂತೆ ಮಾಡುವುದು. "ಗಂಟೆಗೆ ಎರಡರ ಬದಲು ಮೂರು ಬುಟ್ಟಿ ಸಿಗುತ್ತಲ್ಲ, ಆಟಗಾರರಿಗೇ ಲಾಭ. ಬುಟ್ಟಿ ಬೇಗ ಖಾಲಿಯಾಗೋದ್ರಿಂದ ಜಾಹೀರಾತು ನೋಡೋರೂ ಜಾಸ್ತಿ ಆಗ್ತಾರೆ" ಎಂದರು.

ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ ಎಂದು ನಾನು ಬಡಿದುಕೊಂಡೆ. ಹಂತ ಸುಲಭವಾದರೆ ಸೋಲು ಕಡಿಮೆಯಾಗುತ್ತದೆ, ಸೋಲು ಕಡಿಮೆಯಾದರೆ ಬುಟ್ಟಿ ಖಾಲಿಯಾಗುವುದೂ ಕಡಿಮೆ. ಆಮೇಲೆ ಜನ ಉಳಿದರೆ ಯಾವುದರಿಂದ ಉಳಿದರು ಎಂದು ಹೇಳುವುದು ಹೇಗೆ? ನಾಲ್ಕು ಗುಂಪು ಮಾಡೋಣ ಎಂದೆ: ಒಂದಕ್ಕೆ ಏನೂ ಬದಲಿಲ್ಲ, ಒಂದಕ್ಕೆ ಹಂತ ಮಾತ್ರ, ಒಂದಕ್ಕೆ ಬುಟ್ಟಿ ಮಾತ್ರ, ಒಂದಕ್ಕೆ ಎರಡೂ. ನಾಲ್ಕು ಮಾಡಿದರೆ ಒಂದೊಂದರಲ್ಲೂ ಮಂದಿ ಕಡಿಮೆಯಾಗುತ್ತಾರೆ, ಅಂಕಿಯ ಮೇಲೆ ಭರವಸೆ ಇಡಲು ಹೆಚ್ಚು ದಿನ ಕಾಯಬೇಕಾಗುತ್ತದೆ ಎಂದು ಮೇಡಮ್ಮು. ಅದು ಸುಳ್ಳಲ್ಲ. ಮಾಲೀಕ ಅತ್ತ ವಾಲಿದ. ಆಟಗಾರರನ್ನು ಚೀಟಿ ಎತ್ತಿದಂತೆ ಎರಡೇ ಪಾಲು ಮಾಡಿ, ಒಂದು ಪಾಲಿಗೆ ಹಳೆಯದು, ಇನ್ನೊಂದಕ್ಕೆ ಎರಡೂ ಹೊಸದು ಬಿಟ್ಟರು.

ಕೆಲವು ವಾರದ ಮೇಲೆ ನೋಡಿದರೆ ಹೊಸ ಪಾಲಿನಲ್ಲಿ ವಾರ ಕಳೆದ ಮೇಲೂ ತಿರುಗಿ ಬರುವವರು ಹೆಚ್ಚಾಗಿದ್ದರು. ಮೇಡಮ್ಮಿಗೆ ಖುಷಿಯೋ ಖುಷಿ. ಮಾಲೀಕ ಕೆಳಗಿನ ಅಂಗಡಿಯವರಿಗೂ ಸೇರಿಸಿ ಮಿರ್ಚಿ ಭಜಿ ತರಿಸಿದ. ಅದೇ ಬದಲಾವಣೆಯನ್ನು ಎಲ್ಲರಿಗೂ ಬಿಡುವುದೆಂದಾಯಿತು. ಪರೀಕ್ಷೆಗೆಂದು ನಾವೇ ಆಟ ಹಾಕಿಕೊಟ್ಟಿದ್ದ ಫೋನುಗಳಿಗೆ ಅಂದೇ ಹೋಯಿತು. ನಾನೂ ಭಜಿ ತಿಂದೆ, ಆದರೆ ಮನಸ್ಸು ಒಪ್ಪಿರಲಿಲ್ಲ.

ಮುಂದಿನ ವಾರ ಅವ್ವನಿಗೆ ಫೋನು ಮಾಡಿದೆ. "ಏನಿಲ್ಲವಾ, ಕುಂತೇನಿ" ಎಂದಳು. ಆ ಮಾತು ಕೇಳದೆ ಎಷ್ಟೋ ದಿನವಾಗಿತ್ತು. ಕಟ್ಟೆಗೆ ಹೋಗಲಿಲ್ಲವಾ ಎಂದರೆ ಸೊಂಟ ನೋವು ಎಂದಳು. ಶನಿವಾರ ಅರ್ಧ ದಿನಕ್ಕೇ ಆಫೀಸಿನಿಂದ ಹೊರಟು ಬ್ಯಾಡಗಿಯಲ್ಲಿ ಇಳಿದೆ. ಸೊಂಟ ನೋವಿನ ಮುದುಕಿ ಅಟ್ಟದ ಮೇಲಿನ ಹಂಡೆ ಇಳಿಸಿಕೊಂಡು, ಹುಣಸೆಹಣ್ಣು ಹಚ್ಚಿ ಗಸಗಸ ತಿಕ್ಕುತ್ತಿದ್ದಳು.

"ಸೊಂಟ ಎಲ್ಲಿ ನೋಯ್ತೈತಿ?" ಎಂದೆ.

"ಈಗ ಕಡಿಮಿ ಐತಿ" ಎಂದಳು, ಮುಖ ನೋಡದೆ.

ಇವಳ ಬಾಯಿ ಬಿಡಿಸುವುದು ಸಾಧ್ಯವಿಲ್ಲ ಎಂದು ಗೊತ್ತಿದ್ದ ನಾನು ಎದುರಿನ ಕಟ್ಟೆಗೆ ಹೋಗಿ ಕೂತೆ. ಚಹಾ ಬಂತು, ಫೋನು ಹೊರಗೆ ಬಂತು. ಮೊದಲನೆಯಾಕೆ ಸೋತಳು, ಎರಡನೆಯಾಕೆ ಎರಡು ಹಂತ ಗೆದ್ದು ಸೋತಳು, ಮೂರನೆಯಾಕೆ, ನಾಲ್ಕನೆಯಾಕೆ. ಪರದೆಯ ಮೇಲೆ ಗಡಿಯಾರ ಬಂತು. ಎದುರುಮನೆಯಾಕೆ ಫೋನನ್ನು ಒಳಗಿಟ್ಟು ಮತ್ತೆ ಮೆಣಸಿನಕಾಯಿಗೆ ಕೈ ಹಾಕಿದಳು.

"ನಮ್ಮವ್ವನ ಪಾಳಿ?" ಎಂದು ಕೇಳಿದೆ.

"ಅಯ್ಯ, ನಿಮ್ಮ ಆಟದಾಗ ಈಗ ನಾಕ ಬುಟ್ಟಿ ಅದಾವಲ್ರಿ. ನಾವು ಐದು ಮಂದಿ. ಒಂದಿನಾ ಒಬ್ಬಾಕಿ ಬಿಡೂಣು, ಪಾಳಿ ಹಚ್ಚೂಣು ಅಂದ್ವಿ. ನಿಮ್ಮವ್ವಾರು ಕೇಳಲಿಲ್ಲ. ಹೆಂಗೂ ನನಗ ಬರಂಗಿಲ್ಲ, ನಾ ಆಡಿದ್ರ ಒಂದು ಬುಟ್ಟಿ ದಂಡ, ನೀವು ಆಡ್ರಿ ಅಂದ್ರು. ಮೂರ್ನಾಕು ದಿನ ಸುಮ್ನ ಕುಂತು ನೋಡಿದ್ರು. ಆಮ್ಯಾಲೆ ಬರೋದು ಬಿಟ್ರು. ಕರಿಯಾಕ ಹೋದ್ರ ಸೊಂಟ ಅಂತಾರ."

"ಇಪ್ಪತ್ತು ನಿಮಿಷಕ್ಕ ಇನ್ನೊಂದು ಬರ್ತೈತಲ್ರಿ? ಜಾಹೀರಾತು ನೋಡಿದ್ರೂ ಬರ್ತೈತಿ."

"ಜಾಹೀರಾತು ನೋಡಿದ್ರ ನೆಟ್ ಖಾಲಿ ಆಗ್ತೈತಿ ಅಂತ ಮಗಳು ಬೈತಾಳ. ಇಪ್ಪತ್ತು ನಿಮಿಷ ಚಹಾ ಯಾರು ಕುಡೀತಾರವಾ? ಸಂಜಿಗೆ ಚೀಲ ಮುಗಿಸಿ ಕೊಡಬೇಕು" ಎಂದು ನಕ್ಕಳು.

ಗಂಟೆಗೆ ಮೂರು ಬುಟ್ಟಿ ಎಂದು ಮೇಡಮ್ಮು ಹೇಳಿದ್ದು ಲೆಕ್ಕಕ್ಕೆ ಸರಿಯೇ. ಆದರೆ ಈ ಕಟ್ಟೆಯ ಮೇಲೆ ಗಂಟೆ ಎನ್ನುವುದೇ ಇರಲಿಲ್ಲ, ಒಂದು ಲೋಟ ಚಹಾದಷ್ಟು ಹೊತ್ತು ಇತ್ತು. ಅಷ್ಟರಲ್ಲಿ ತುಂಬಿದ ಬುಟ್ಟಿ ಎಷ್ಟಿವೆ ಎನ್ನುವುದೇ ಮುಖ್ಯ, ಖಾಲಿಯಾದದ್ದು ಯಾವಾಗ ತುಂಬುತ್ತದೆ ಎನ್ನುವುದು ಅಲ್ಲ. ಒಂದು ಫೋನು ಎಂದರೆ ಒಬ್ಬ ಆಟಗಾರ ಎಂದು ನಮ್ಮ ಲೆಕ್ಕ. ಫೋನೊಂದಕ್ಕೆ ಐದು ಮಂದಿ ಇರಬಹುದೆಂದು ನಮ್ಮ ಯಾವ ಕೋಷ್ಟಕದಲ್ಲೂ ಜಾಗವಿರಲಿಲ್ಲ.

ಮನೆಗೆ ಬಂದು, "ಹೇಳಬಾರದಾಗಿತ್ತಾ?" ಎಂದು ಅವ್ವನನ್ನು ಗದರಿದೆ.

"ಏನಂತ ಹೇಳಲಿ? ನನಗ ಆಡಾಕ ಕೊಡವಲ್ರು ಅಂತ, ಸಣ್ಣ ಹುಡುಗರಂಗ?" ಎಂದಳು. ಹಂಡೆಗೆ ನೀರು ಹಾಕಿ ತೊಳೆದು ಬೋರಲಿಟ್ಟಳು. ಕೈ ಒರೆಸಿಕೊಳ್ಳುತ್ತ ತಾನಾಗಿಯೇ ಹೇಳಿದಳು: "ಅವರ ಮಾತಿನಾಗ ನಾ ಇರಂಗಿಲ್ಲವಾ. ಆಟದ ಹೊತ್ತಿನಾಗ ಮಾತ್ರ ನಾನೂ ಒಬ್ಬಾಕಿ ಆಗ್ತಿದ್ನಿ. ಅದೂ ಇಲ್ಲಂದ ಮ್ಯಾಲೆ ಮಂದಿ ನಡುವ ಸುಮ್ನ ಕುಂದ್ರೋದಕ್ಕಿಂತ ಮನಿಯಾಗ ಕುಂದ್ರೋದು ಛಲೋ."

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಯಾರ ಮೇಲೆ ಎಂದು ಹೇಳಲು ಆಗಲಿಲ್ಲ. ಹೊಸ ಸ್ಮಾರ್ಟ್‌ಫೋನು ಕೊಡಿಸುತ್ತೇನೆ, ನೀನೊಬ್ಬಳೇ ಬೇಕಾದಷ್ಟು ಆಡು ಎಂದೆ. "ಒಬ್ಬಾಕಿನ ಏನ ಆಡ್ಲಿ? ನಾ ಸೋತ್ರ ನಗೋರು ಯಾರು?" ಎಂದಳು.

ಸೋಮವಾರ ಆಫೀಸಿಗೆ ಹೋಗಿ ಮೊದಲು ನೋಡಿದ್ದು ಎದುರುಮನೆಯಾಕೆಯ ಫೋನಿನ ಸಾಲುಗಳನ್ನು. ಪರೀಕ್ಷೆಗೆಂದು ನಾವೇ ಆಟ ಹಾಕಿಕೊಟ್ಟ ಫೋನುಗಳಿಗೆ ಒಂದು ಗುರುತು ಇರುತ್ತದೆ. ನಮ್ಮವರ ಆಟ ಅಂಕಿಯನ್ನು ಕೆಡಿಸಬಾರದೆಂದು ಆ ಗುರುತಿನ ಫೋನುಗಳನ್ನು ಲೆಕ್ಕದಿಂದ ಹೊರಗಿಡುತ್ತೇವೆ. ಅಂದರೆ ನಮ್ಮವ್ವ ಕಟ್ಟೆಗೆ ಬಂದರೂ ಅಷ್ಟೇ, ಬರದಿದ್ದರೂ ಅಷ್ಟೇ, ನಮ್ಮ ಸರಾಸರಿ ಕೂದಲಷ್ಟೂ ಅಲುಗುತ್ತಿರಲಿಲ್ಲ. ಹಳೆಯ ಸಾಲುಗಳಲ್ಲಿ ಪ್ರತಿ ಮಧ್ಯಾಹ್ನದ ಮೊದಲ ಆಟ ಹೀನಾಯ ಸೋಲು. ಆಮೇಲಿನವು ಒಂದೊಂದು ತರಹ. ನಾಲ್ಕು ಬುಟ್ಟಿ ಬಂದ ದಿನದಿಂದ ಆ ಮೊದಲ ಸೋಲು ಇಲ್ಲವೇ ಇಲ್ಲ.

ಇದೇ ತರಹದ ಫೋನುಗಳು ಬೇರೆ ಕಡೆಯೂ ಇವೆಯೇ ಎಂದು ಹುಡುಕಿದೆ. ಒಂದು ಸೋಲಿಗೂ ಮುಂದಿನ ಆಟಕ್ಕೂ ನಡುವೆ ಫೋನು ಕೈ ಬದಲಿಸುವಷ್ಟು ವಿರಾಮ, ಆಮೇಲೆ ಇದ್ದಕ್ಕಿದ್ದಂತೆ ಆಟದ ವೇಗವೇ ಬೇರೆ. ಇದ್ದವು. ಬಹಳ ಅಲ್ಲ, ಆದರೆ ಇದ್ದವು. ಹೆಸರಿಲ್ಲದ ಸಾಲುಗಳಿಂದ ಇದು ಇಂಥದ್ದೇ ಎಂದು ಖಚಿತವಾಗಿ ಹೇಳಲಾಗದು. ಅದನ್ನೇ ಹಿಡಿದು ಬೆಂಗಳೂರಿಗೆ ಹೋದರೆ, ನಿಮ್ಮವ್ವನಿಗಾಗಿ ಆಟ ಬದಲಿಸಬೇಕಾ ಎಂದು ಕೇಳುತ್ತಾರೆ. ಕೇಳಲೇಬೇಕು. ನಾನೇ ಆ ಜಾಗದಲ್ಲಿದ್ದರೆ ಕೇಳುತ್ತಿದ್ದೆ.

ಹಾಗಾಗಿ ಹಳೆಯ ಜಗಳಕ್ಕೇ ತಿರುಗಿ ಹೋದೆ. ಮಾಲೀಕನನ್ನು ಕೂಡಿಸಿಕೊಂಡು, ಕಟ್ಟೆಯ ವಿಷಯ ಅವನೊಬ್ಬನಿಗೆ ಹೇಳಿ, "ನಿಮ್ಮ ಹೊಲದಾಗ ಹೊಸ ಬೀಜ ನೋಡಬೇಕಾದ್ರ ಏನ ಮಾಡ್ತೀರಿ?" ಎಂದೆ.

"ಒಂದು ಪಟ್ಟಿ ಹಳೇದು, ಒಂದು ಪಟ್ಟಿ ಹೊಸಾದು ಹಾಕ್ತೀವಿ."

"ಹೊಸ ಬೀಜದ ಪಟ್ಟಿಗೇ ಗೊಬ್ಬರಾನೂ ಜಾಸ್ತಿ ಹಾಕಿದ್ರ?"

ಅವನು ತಲೆ ಕೆರೆದುಕೊಂಡ. "ಅಪ್ಪ ಬೈತಾನ್ರಿ" ಎಂದ.

ಎಲ್ಲರಿಗೂ ಬಿಡುವುದನ್ನು ಸ್ವಲ್ಪ ತಡೆಹಿಡಿದು, ಹೊಸದಾಗಿ ಬರುವ ಆಟಗಾರರನ್ನು ನಾಲ್ಕು ಗುಂಪು ಮಾಡಲು ಅವನೇ ಮೇಡಮ್ಮನ್ನು ಒಪ್ಪಿಸಿದ. ನನ್ನ ಬಾಯಿಗೆ ಅದು ಆಗುತ್ತಿರಲಿಲ್ಲ. ಹೊಸದು ಆಗಲೇ ಹೋಗಿದ್ದ ಫೋನುಗಳು ಅಲ್ಲಿಯವರೆಗೆ ಹಾಗೆಯೇ ಇರಬೇಕು ಎಂದಾಯಿತು. ಆ ವಾರಗಳು ಸರಿಯಲೇ ಇಲ್ಲ. ದಿನಾ ಬೆಳಿಗ್ಗೆ ಅಂಕಿ ನೋಡುವ ಚಟ ಹತ್ತಿತು. ನಡುವೆ ನೋಡಿ ಚೆನ್ನಾಗಿದ್ದಾಗ ನಿಲ್ಲಿಸಿದರೆ ಅದು ಪರೀಕ್ಷೆಯೇ ಅಲ್ಲ ಎಂದು ಕಾಲೇಜಿನಲ್ಲಿ ಪಾಠ ಮಾಡಿದವಳು ನಾನೇ. ಆದ್ದರಿಂದ ನೋಡುತ್ತಿದ್ದೆ, ಬಾಯಿ ಬಿಡುತ್ತಿರಲಿಲ್ಲ. ಸಂಜೆ ರೈಲು ಬ್ಯಾಡಗಿಯಲ್ಲಿ ನಿಂತಾಗ ಇಳಿಯೋಣ ಎನಿಸುತ್ತಿತ್ತು. ಇಳಿದು ಏನು ಹೇಳುವುದು? ತಡೆ, ಲೆಕ್ಕಕ್ಕೆ ಇನ್ನೂ ಮಂದಿ ಸಾಲದು ಎಂದು ಹೇಳಲೇ? ಕೂತಲ್ಲೇ ಕೂತು ಹಾವೇರಿಗೆ ಹೋಗುತ್ತಿದ್ದೆ.

ಕೊನೆಗೆ ಲೆಕ್ಕ ಸ್ಪಷ್ಟವಾಯಿತು. ಹಂತ ಮಾತ್ರ ಸುಲಭ ಮಾಡಿದ ಗುಂಪಿನವರು, ಎರಡೂ ಬದಲಿಸಿದ ಗುಂಪಿನವರಷ್ಟೇ ತಿರುಗಿ ಬರುತ್ತಿದ್ದರು. ಬುಟ್ಟಿ ಮಾತ್ರ ಬದಲಿಸಿದ ಗುಂಪಿಗೂ ಏನೂ ಬದಲಿಸದ ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಜಾಹೀರಾತು ನೋಡುವವರು ಮೊದಲೆರಡು ದಿನ ಹೆಚ್ಚಾಗಿ, ಆಮೇಲೆ ಇಳಿದಿದ್ದರು. ಅಂದರೆ ಆ ಭಜಿಯನ್ನು ಮೂವತ್ತೊಂದನೆಯ ಹಂತದ ಹೆಸರಿನಲ್ಲಿ ತಿನ್ನಬೇಕಿತ್ತು, ನಾಲ್ಕು ಬುಟ್ಟಿಯ ಹೆಸರಿನಲ್ಲಲ್ಲ.

ಕರೆಯಲ್ಲಿ ನಾಲ್ಕೂ ಗುಂಪಿನ ಅಂಕಿಯ ಚಿತ್ರ ತೋರಿಸಿದೆ, ಮೇಡಮ್ಮು ಒಂದೊಂದೇ ಗುಂಪನ್ನು ನೋಡಿದರು. "ಬುಟ್ಟಿಯಿಂದ ಲಾಭ ಇಲ್ಲ, ಒಪ್ಪಿದೆ. ಆದರೆ ನಷ್ಟಾನೂ ಇಲ್ವಲ್ಲ? ಹಾಗೇ ಬಿಟ್ರೆ ಏನಾಗುತ್ತೆ?" ಎಂದರು.

ನ್ಯಾಯವಾದ ಪ್ರಶ್ನೆ. ಕೈ ಬದಲಿಸುವ ಫೋನುಗಳ ವಿಷಯ ಹೇಳಿದೆ. ಖಚಿತವಿಲ್ಲ ಎಂದೂ ಹೇಳಿದೆ. ನಮ್ಮವ್ವನ ಮಾತು ಎತ್ತಬಾರದೆಂದು ಮನಸ್ಸು ಗಟ್ಟಿ ಮಾಡಿಕೊಂಡು ಕೂತಿದ್ದೆ. ಆದರೆ ಪಕ್ಕದಲ್ಲಿದ್ದ ಮಾಲೀಕ ತಡೆಯಲಾರದೆ, "ಮೇಡಂ, ಬ್ಯಾಡಗಿಯೊಳಗ ಐದು ಮಂದಿ ಒಂದ ಫೋನಿನಾಗ ಆಡ್ತಾರ್ರಿ. ನಾಕ ಬುಟ್ಟಿ ಆದ ಮ್ಯಾಲೆ ಒಬ್ಬಾಕಿ ಎದ್ದು ಹೋಗ್ಯಾಳ್ರಿ. ಆಕಿ ನಮ್ಮ ಅಕ್ಕಾರ ಅವ್ವ" ಎಂದುಬಿಟ್ಟ. ನನಗೆ ಅವನನ್ನು ಕೊಂದುಬಿಡುವಷ್ಟು ಸಿಟ್ಟು ಬಂತು.

ಮೇಡಮ್ಮು ಆ ಚಿತ್ರವನ್ನು ಪರದೆಯಿಂದ ತೆಗೆದರು. ಆಮೇಲೆ, "ಲಾಭ ಇಲ್ಲದ ಬದಲಾವಣೆ ಇಟ್ಕೊಂಡು ಯಾಕೆ ಒಬ್ಬರನ್ನ ಎಬ್ಬಿಸಬೇಕು? ಐದೇ ಇರಲಿ, ಅರ್ಧ ಗಂಟೆನೇ ಇರಲಿ. ಹಂತ ಮಾತ್ರ ಬದಲಿಸಿ" ಎಂದರು.

ತಿದ್ದಿದ ಆಟ ಎಲ್ಲರ ಫೋನಿಗೆ ಹೋದ ದಿನ ಎದುರುಮನೆಯಾಕೆಗೆ ಫೋನು ಮಾಡಿ ಐದು ಬುಟ್ಟಿ ಬಂದಿವೆ ಎಂದಷ್ಟೇ ಹೇಳಿದೆ. ಅವ್ವನಿಗೆ ಹೇಳಲಿಲ್ಲ. ನನ್ನ ಮಾತಿಗೆ ಅವಳು ಹೋಗಬಾರದು, ಅವರು ಕರೆದರೆ ಹೋಗಬೇಕು. ಕರೆಯದಿದ್ದರೆ? ಆ ನಾಲ್ವರಿಗೆ ಈಗ ಒಂದು ಬುಟ್ಟಿ ಹೆಚ್ಚಿಗೆ ಸಿಕ್ಕಂತೆಯೇ ಅಲ್ಲವೇ?

ಮರುದಿನ ಮಧ್ಯಾಹ್ನ ಕೆಳಗಿನ ಅಂಗಡಿಯಿಂದ ಚಹಾ ಬಂತು. ನಾನು ಲೋಟ ಮುಟ್ಟದೆ ಆ ಗುರುತಿನ ಫೋನಿನ ಸಾಲುಗಳನ್ನು ತೆರೆದು ಕೂತೆ. ಬಹಳ ಹೊತ್ತು ಏನೂ ಬರಲಿಲ್ಲ. ಆಮೇಲೆ ಒಂದು ಸಾಲು ಬಂತು. ನಡೆ ಒಂದೂ ಉಳಿದಿಲ್ಲ, ಹಣ್ಣು ಅರ್ಧಕ್ಕಿಂತ ಹೆಚ್ಚು ಬಾಕಿ. ಪರೀಕ್ಷೆಯ ಫೋನುಗಳಿಂದ ಪ್ರತಿ ನಡೆಯ ಜಾಗವೂ ಬರುತ್ತದೆ. ತೆರೆದು ನೋಡಿದೆ. ಮೊದಲ ನಡೆ, ಎಡಗಡೆ ಕೆಳಮೂಲೆ.

"ಸೋತ್ಲು!" ಎಂದು ಕೂಗಿಬಿಟ್ಟೆ. ಮಾಲೀಕ ಗಾಬರಿಯಾಗಿ ಎದ್ದು ಬಂದ.

"ಯಾರ್ರಿ ಅಕ್ಕಾರ?"

ನಾನು ಪರದೆ ತೋರಿಸಿದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ. ಅಷ್ಟರಲ್ಲಿ ಎರಡನೆಯ ಸಾಲು ಬಂತು, ಅದು ಬೇರೆ ಕೈ.